ಕಡಿಮೆಗೆ ಕೇಳಿದಷ್ಟೂ ಒಳ್ಳೇ ಗಾಡಿ ದೂರ

ಹಳೇ ಬೈಕು ಕೊಳ್ಳೋಕೆ ಹೊರಟವರಿಗೆ ನಮ್ಮ ಕನಕಪುರದ ಕಡೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ. "ಒಳಗೇನೈತೋ ಯಾರಿಗ್ಗೊತ್ತು? ಕಡಿಮೆಗೇ ಕೇಳು. ಕೊಟ್ರೆ ಕೊಡ್ಲಿ, ಇಲ್ದಿದ್ರೆ ಬುಡ್ಲಿ." ಕೇಳೋದಕ್ಕೆ ಜಾಣತನದ ಮಾತೇ. ಗಾಡಿ ಕೆಟ್ಟದ್ದಾದರೂ ನಷ್ಟ ಕಮ್ಮಿ, ಒಳ್ಳೇದಾದರೆ ಲಾಭ ಅನ್ನೋ ಲೆಕ್ಕ. ಆದರೆ ಈ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ನೀವು ಬೆಲೆ ಇಳಿಸಿದಾಗ ಇಳಿಯೋದು ಬೆಲೆ ಮಾತ್ರ ಅಲ್ಲ. ಆ ಬೆಲೆಗೆ ಯಾರು ಮಾರೋಕೆ ಒಪ್ಪುತ್ತಾರೆ ಅನ್ನೋದೂ ಬದಲಾಗುತ್ತೆ.

ನಾನು ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವವಳು. ತವರು ಕಬ್ಬಾಳು. ಬೆಂಗಳೂರಿನಲ್ಲಿ ಆಟೋ, ಬೈಕುಗಳ ಮೇಲೆ "ಕಬ್ಬಾಳಮ್ಮ" ಅಂತ ಸ್ಟಿಕ್ಕರ್ ನೋಡಿರ್ತೀರಲ್ಲ, ಅದೇ ಕಬ್ಬಾಳು. ಈ ವಿಷಯ ನನಗೆ ಪಾಠದ ಪುಸ್ತಕದಿಂದ ಮೊದಲೇ ಗೊತ್ತಿತ್ತು. ಕಣ್ಣಮುಂದೆ ನೋಡಿದ್ದು ಮಾತ್ರ ಕಳೆದ ವರ್ಷ, ನಮ್ಮ ಚಿಕ್ಕಪ್ಪ ಅವರ ಬೈಕು ಮಾರೋಕೆ ಇಟ್ಟಾಗ.

ಏಳು ವರ್ಷ ಹಳೇದಾದ ನೂರು ಸಿ.ಸಿ. ಗಾಡಿ ಅದು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರೋದು, ಆಗೊಮ್ಮೆ ಈಗೊಮ್ಮೆ ಸಾತನೂರಿಗೆ ಹೋಗಿ ಬರೋದು, ಅದರ ಕೆಲಸ ಇಷ್ಟೇ. ಆಯಿಲ್ ಬದಲಾಯಿಸುವ ದಿನವನ್ನು ಚಿಕ್ಕಪ್ಪ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡೋರು. ಮಂಡಿನೋವು ಜಾಸ್ತಿಯಾಗಿ ಗಾಡಿ ಒದ್ದು ಸ್ಟಾರ್ಟ್ ಮಾಡೋದು ಕಷ್ಟವಾಯ್ತು. ಮಗಳ ನರ್ಸಿಂಗ್ ಕಾಲೇಜಿನ ಫೀಸು ಕಟ್ಟುವ ದಿನವೂ ಹತ್ತಿರ ಬಂತು. ನಲವತ್ತನಾಲ್ಕು ಸಾವಿರಕ್ಕೆ ಕಡಿಮೆ ಆದರೆ ಮಾರೋದೇ ಬೇಡ, ಅಳಿಯನಿಗೆ ಕೊಟ್ಟು ಫೀಸಿಗೆ ಬೇರೆ ದಾರಿ ನೋಡೋಣ ಅಂತ ಅವರ ತೀರ್ಮಾನ. ಬಂದವರೆಲ್ಲ ಇಪ್ಪತ್ತೆಂಟು, ಮೂವತ್ತು ಅಂತ ಕೇಳಿ ಹೋದರು. "ನನ್ನ ಗಾಡಿ ಅಷ್ಟು ಕೆಟ್ಟೋಗೈತೇನವ್ವಾ?" ಅಂತ ಚಿಕ್ಕಪ್ಪ ನನ್ನ ಕೇಳಿದರು. ಅವರ ಗಾಡಿಯನ್ನು ಯಾರೂ ಕೆಟ್ಟದ್ದು ಅಂದಿರಲಿಲ್ಲ. ಅವರು ಕೇಳುತ್ತಿದ್ದದ್ದು ಈ ಗಾಡಿಯ ಬೆಲೆಯನ್ನೇ ಅಲ್ಲ, 'ಸಾಮಾನ್ಯವಾಗಿ ಮಾರಾಟಕ್ಕೆ ಬರುವ ಏಳು ವರ್ಷದ ಗಾಡಿ'ಯ ಬೆಲೆಯನ್ನು.

ಆ ಇಪ್ಪತ್ತೆಂಟು, ಮೂವತ್ತು ಎಲ್ಲಿಂದ ಬಂತು ಅಂತ ಒಂದು ಲೆಕ್ಕ ಹಾಕೋಣ. ಅಂಕಿಗಳು ನಾನು ವಿವರಿಸೋಕೆ ಅಂತ ಇಟ್ಟುಕೊಂಡವು.

ಸುತ್ತಮುತ್ತ ಒಂದೇ ಮಾಡೆಲ್, ಒಂದೇ ವರ್ಷದ ಐದು ಬೈಕುಗಳಿವೆ ಅಂದುಕೊಳ್ಳಿ. ಹೊರಗಿಂದ ಐದೂ ಒಂದೇ ಥರ, ತೊಳೆದು ಪಾಲಿಶ್ ಹಾಕಿ ನಿಲ್ಲಿಸಿದ್ದಾರೆ. ಒಳಗಿನ ಸ್ಥಿತಿ ಓಡಿಸಿದವರಿಗೆ ಮಾತ್ರ ಗೊತ್ತು. ಹಾಗಾಗಿ ಒಬ್ಬೊಬ್ಬರಿಗೂ 'ಇದಕ್ಕಿಂತ ಕಡಿಮೆ ಬಂದರೆ ನಾನೇ ಇಟ್ಕೋತೀನಿ' ಅನ್ನೋ ಒಂದು ತಳಬೆಲೆ ಇರುತ್ತೆ. ಹೊಗೆ ಕಾರುವ ಗಾಡಿಯವನಿಗೆ ಅದು 20 ಸಾವಿರ. ಉಳಿದವರಿಗೆ ಕ್ರಮವಾಗಿ 28, 36, 44, 52 ಸಾವಿರ. ಚಿಕ್ಕಪ್ಪ ನಾಲ್ಕನೆಯವರು. ಕೊಳ್ಳುವವನಿಗೆ ಗಾಡಿಯ ಅಗತ್ಯ ಇರೋದರಿಂದ ಪ್ರತಿ ಗಾಡಿಯೂ ಮಾರುವವನಿಗಿಂತ ಐದು ಸಾವಿರ ಜಾಸ್ತಿ ಬೆಲೆಬಾಳುತ್ತೆ ಅಂತಿಟ್ಟುಕೊಳ್ಳಿ. ಅಂದರೆ ಅವನ ಪಾಲಿಗೆ ಅವು 25, 33, 41, 49, 57. ಯಾವುದು ಯಾವ ಗಾಡಿ ಅಂತ ಗೊತ್ತಿದ್ದರೆ ಐದೂ ಮಾರಾಟವಾಗುತ್ತಿದ್ದವು. ಪ್ರತಿ ವ್ಯಾಪಾರದಲ್ಲೂ ಇಬ್ಬರಿಗೂ ಲಾಭ ಇತ್ತು.

ಆದರೆ ಅವನಿಗೆ ಗೊತ್ತಿಲ್ಲ. ಐದರಲ್ಲಿ ಯಾವುದು ಸಿಗುತ್ತೋ ಗೊತ್ತಿಲ್ಲದಾಗ ಅವನು ಕೊಡಬಲ್ಲದ್ದು ಹೆಚ್ಚೆಂದರೆ ಸರಾಸರಿ, ಅಂದರೆ 41 ಸಾವಿರ. ಗಾಡಿ ಕಡಿಮೆ, ಕೊಳ್ಳೋರು ಜಾಸ್ತಿ ಇದ್ದರೆ ಬೆಲೆ ಅಲ್ಲಿವರೆಗೂ ಏರುತ್ತೆ, ಅದಕ್ಕಿಂತ ಮೇಲೆ ಹೋಗಲ್ಲ. ಈ 41 ಸಾವಿರದ ಸುದ್ದಿ ಕೇಳಿದ ಕೂಡಲೇ ಏನಾಗುತ್ತೆ? 44ರ ಚಿಕ್ಕಪ್ಪ, 52ರ ಇನ್ನೊಬ್ಬರು 'ಬೇಡಪ್ಪಾ' ಅಂತ ಗಾಡಿಯನ್ನು ಮನೆಯೊಳಗೆ ತಳ್ಳಿಕೊಂಡು ಹೋಗ್ತಾರೆ. ಮೂರು ಉಳಿದವು.

ಕೊಳ್ಳೋರೂ ದಡ್ಡರಲ್ಲ. 41ಕ್ಕೆ ಕೊಂಡವರ ಅನುಭವ ಊರೂರಿಗೆ ಹರಡುತ್ತೆ. ಈಗ ಸಿಗೋದು 25, 33, 41ರ ಗಾಡಿಗಳು ಮಾತ್ರ, ಸರಾಸರಿ 33. ಬೆಲೆ 33ಕ್ಕೆ ಇಳೀತು. ಆಗ 36ರವನು ಹೊರಗೆ. ಉಳಿದ ಎರಡರ ಸರಾಸರಿ 29. ಈ 29ಕ್ಕೆ 20ರವನೂ 28ರವನೂ ಒಪ್ಪುತ್ತಾರೆ, ಅಲ್ಲಿಗೆ ಬೆಲೆ ನಿಲ್ಲುತ್ತೆ. ಕೊನೆಗೆ ಬೀದಿಯಲ್ಲಿ ಉಳಿದದ್ದು ಐದರಲ್ಲಿ ತೀರಾ ಕೆಟ್ಟ ಎರಡು ಗಾಡಿ. ನಮ್ಮ ಚಿಕ್ಕಪ್ಪನಿಗೆ ಬಂದ ಇಪ್ಪತ್ತೆಂಟು, ಮೂವತ್ತರ ಮಾತಿನ ಹಿಂದೆ ಇದ್ದದ್ದು ಇಂಥದೇ ಲೆಕ್ಕ.

ಇದನ್ನು ಅರ್ಥಶಾಸ್ತ್ರದಲ್ಲಿ ಅಡ್ವರ್ಸ್ ಸೆಲೆಕ್ಷನ್ ಅಂತಾರೆ, ಕನ್ನಡದಲ್ಲಿ ಪ್ರತಿಕೂಲ ಆಯ್ಕೆ. ಹೆಸರಿನಲ್ಲಿ 'ಆಯ್ಕೆ' ಅಂತ ಇರೋದನ್ನು ಗಮನಿಸಿ. ಇಲ್ಲಿ ಆರಿಸುವವನು ಕೊಳ್ಳುವವನಲ್ಲ. ಅವನು ಬೆಲೆ ಹೇಳುತ್ತಾನೆ, ಆ ಬೆಲೆ ಜರಡಿಯ ಹಾಗೆ ಕೆಲಸ ಮಾಡಿ ಒಳ್ಳೇದನ್ನು ಆಚೆ ಕಳಿಸಿ ಕೆಟ್ಟದ್ದನ್ನು ಅವನ ಮುಂದೆ ಉಳಿಸುತ್ತೆ. ಇಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ ಅನ್ನೋದು ನನಗೆ ಇದರಲ್ಲಿ ಬಹಳ ಮುಖ್ಯ ಅನಿಸುವ ಅಂಶ. ಮೋಸಗಾರರು ಒಬ್ಬರೂ ಇಲ್ಲದ ಸಂತೆಯಲ್ಲೂ ಹೀಗೇ ಆಗುತ್ತೆ. ಗೊತ್ತಿರುವವರು ಒಂದು ಕಡೆ, ಗೊತ್ತಿಲ್ಲದವರು ಇನ್ನೊಂದು ಕಡೆ ಇದ್ದರೆ ಸಾಕು.

ಇದನ್ನು ಮೊದಲು ಬಿಡಿಸಿ ಬರೆದವರು ಅಮೆರಿಕದ ಜಾರ್ಜ್ ಅಕೆರ್ಲಾಫ್. ಅಲ್ಲಿಯ ಆಡುಮಾತಿನಲ್ಲಿ ಪದೇಪದೇ ಕೈಕೊಡುವ ಕಾರನ್ನು 'ನಿಂಬೆಹಣ್ಣು' ಅಂತಾರೆ. ಅವರ ಲೇಖನದ ಹೆಸರೂ ನಿಂಬೆಹಣ್ಣಿನ ಮಾರುಕಟ್ಟೆ ಅಂತಲೇ. ಮೂರು ಪತ್ರಿಕೆಗಳು ಬೇಡ ಅಂತ ವಾಪಸ್ ಕಳಿಸಿದ ಮೇಲೆ 1970ರಲ್ಲಿ ಅದು ಅಚ್ಚಾಯಿತು. 2001ರಲ್ಲಿ ಮೈಕೆಲ್ ಸ್ಪೆನ್ಸ್, ಜೋಸೆಫ್ ಸ್ಟಿಗ್ಲಿಟ್ಜ್ ಜೊತೆ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅಕೆರ್ಲಾಫ್ ಅರವತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ದೆಹಲಿಯಲ್ಲಿ ಇದ್ದರು. ಆ ಲೇಖನದಲ್ಲಿ ಕಾರಿನ ಜೊತೆಗೆ ನಮ್ಮ ದೇಶದ ಅಕ್ಕಿಯೂ ಇದೆ. ಅಕ್ಕಿಯದೇ ಬಣ್ಣದ, ಅಕ್ಕಿಯದೇ ಆಕಾರದ ಕಲ್ಲನ್ನು ಬೇಕಂತಲೇ ಬೆರೆಸಿ ಮಾರುತ್ತಿದ್ದದ್ದನ್ನೂ, ಹೆಂಗಸರು ಕೂತು ಅದನ್ನು ಆರಿಸುತ್ತಿದ್ದದ್ದನ್ನೂ ಅವರು ಬರೆದಿದ್ದಾರೆ. ಮೊರ ಹಿಡಿದು ಕೂತಿದ್ದ ನಮ್ಮಜ್ಜಿಯರ ಕೆಲಸ ದೊಡ್ಡ ಸಿದ್ಧಾಂತದ ಪುಟದಲ್ಲಿ ಉದಾಹರಣೆಯಾಗಿ ಹೋಗಿ ಕೂತಿದೆ ಅಂದರೆ ನನಗೆ ಸುಮ್ಮನೆ ಖುಷಿ.

ಮಕ್ಕಳಿಗೆ ಈ ಪಾಠ ಮಾಡಿದಾಗ ಒಂದು ಪ್ರಶ್ನೆ ಬಂದೇ ಬರುತ್ತೆ. "ಮೇಡಂ, ಹಾಗಾದ್ರೆ ಹಳೇ ಗಾಡಿ ವ್ಯಾಪಾರ ನಿಂತೇ ಹೋಗಬೇಕಿತ್ತಲ್ಲ? ದಿನಾ ನಡೀತೈತಲ್ಲ?" ಸರಿಯಾದ ಪ್ರಶ್ನೆಯೇ. ಉತ್ತರ ಆ ಐದು ಸಾವಿರದ ಅಂತರದಲ್ಲಿದೆ. ಅದು ಎಷ್ಟು ದೊಡ್ಡದು ಅನ್ನೋದರ ಮೇಲೆ ಸಂತೆ ಎಲ್ಲಿವರೆಗೆ ಕುಸಿಯುತ್ತೆ ಅನ್ನೋದು ನಿಂತಿದೆ. ಅಂತರ ಮೂರೇ ಸಾವಿರ ಇದ್ದರೆ ಬೆಲೆ 39, 31, 27 ಅಂತ ಇಳಿದು ಇಳಿದು 23ಕ್ಕೆ ಬಂದು, ಹೊಗೆ ಕಾರುವ ಒಂದೇ ಗಾಡಿ ಉಳಿಯುತ್ತೆ. ಅಂತರ ಹದಿನೆಂಟು ಸಾವಿರ ಇದ್ದರೆ ಸರಾಸರಿ 54 ಆಗುತ್ತೆ, 52ರವರೂ ಸೇರಿ ಐದೂ ಜನ ಮಾರುತ್ತಾರೆ. ಬೇಕಾದರೆ ಒಂದು ಚೀಟಿಯಲ್ಲಿ ನೀವೇ ಹಾಕಿ ನೋಡಿ.

ಈ ಅಂತರ ಅಂದರೆ ಅಗತ್ಯಗಳ ನಡುವಿನ ವ್ಯತ್ಯಾಸ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಸಿಕ್ಕಿರೋ ಹುಡುಗನಿಗೆ ಆ ಹೊತ್ತಿನಲ್ಲಿ ಬಸ್ಸಿಲ್ಲ. ಗಾಡಿ ಇಲ್ಲದಿದ್ದರೆ ಕೆಲಸವೇ ಇಲ್ಲ. ಅವನ ಪಾಲಿಗೆ ಗಾಡಿಯ ಬೆಲೆ ಜಾಸ್ತಿ. ಮಾರುವ ಕಡೆಯಲ್ಲೂ ಹಾಗೆಯೇ. ವರ್ಗವಾಗಿ ದೂರದೂರಿಗೆ ಹೊರಟವರು, ಮಂಡಿನೋವಿನವರು, ಮನೆಯ ಯಜಮಾನರು ತೀರಿಕೊಂಡು ಗಾಡಿ ಸುಮ್ಮನೆ ನಿಂತಿರುವ ಮನೆಯವರು, ಇವರಿಗೆಲ್ಲ ಗಾಡಿ ಎಷ್ಟೇ ಚೆನ್ನಾಗಿದ್ದರೂ ತಳಬೆಲೆ ಕಡಿಮೆ. ಅದಕ್ಕೇ ತಿಳಿದವರು ಗಾಡಿ ನೋಡುವ ಮೊದಲು "ಯಾಕಣ್ಣ ಮಾರ್ತಾ ಇದೀರ?" ಅಂತ ಕೇಳೋದು. ಆ ಕಾರಣ ಗಾಡಿಗೆ ಸಂಬಂಧಪಡದ್ದಾಗಿದ್ದು, ಅದು ನಿಜ ಅಂತ ನಾಲ್ಕು ಜನರ ಹತ್ತಿರ ವಿಚಾರಿಸಿ ತಿಳಿಯುವ ಹಾಗಿದ್ದರೆ, ಅದು ಪಾಲಿಶ್‌ಗಿಂತ ನೂರು ಪಾಲು ಮೇಲು.

ಊರೊಳಗಿನ ವ್ಯಾಪಾರಕ್ಕೆ ಈ ಕಾಯಿಲೆ ಅಷ್ಟಾಗಿ ತಟ್ಟೋದಿಲ್ಲ. ಕಬ್ಬಾಳಿನಲ್ಲಿ ಯಾರ ಗಾಡಿ ಎಲ್ಲಿ ಬಿದ್ದಿತ್ತು, ಯಾರ ಮಗ ಹೇಗೆ ಓಡಿಸ್ತಾನೆ ಅನ್ನೋದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರು ಅಂತ ಯಾರೂ ಇಲ್ಲದಿದ್ದರೆ ಲೆಕ್ಕ ಶುರುವಾಗೋದೇ ಇಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯೂ ಇದೇ ಕಾರಣಕ್ಕೆ ನಡೆಯುತ್ತೆ. ಅಲ್ಲಿ ರೈತ ಗೂಡನ್ನು ಕಣ್ಣೆದುರಿಗೆ ಹರವುತ್ತಾನೆ. ರೀಲರುಗಳು ಕೈಗೆ ತಗೊಂಡು ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿಯೇ ಹರಾಜಿನಲ್ಲಿ ಬೆಲೆ ಹಾಕೋದು. ಒಳ್ಳೇ ಗೂಡಿಗೆ ಒಳ್ಳೇ ಬೆಲೆ ಬರುತ್ತೆ. ಬೈಕಿನ ಪಿಸ್ಟನ್ನನ್ನು ಹಾಗೆ ಅಲ್ಲಾಡಿಸಿ ನೋಡೋಕಾಗಲ್ಲ. ಗಾಡಿ ಊರು ದಾಟಿ ಅಪರಿಚಿತರ ಕೈಗೆ ಹೋಗುವಾಗಲೇ ತೊಂದರೆ.

ಹಾಗಂತ ಏನೂ ಕಾಣೋದಿಲ್ಲ ಅಂತಲ್ಲ. ಕಾಗದದ ವಿಷಯ ಈಗ ಹೆಚ್ಚುಕಮ್ಮಿ ಬಯಲಾಗಿದೆ. ಗಾಡಿಯ ನಂಬರ್ ಹಾಕಿದರೆ ವಿಮೆ ಇದೆಯಾ, ಎಷ್ಟನೇ ಮಾಲೀಕರು, ಸಾಲ ಬಾಕಿ ಇದೆಯಾ ಅನ್ನೋದು ಪರಿವಾಹನ್ ತಾಣದಲ್ಲೇ ತಿಳಿಯುತ್ತೆ. ಗಾಡಿಯ ವಿಷಯಕ್ಕೆ ಬಂದರೆ, ನಮ್ಮೂರ ಮೆಕ್ಯಾನಿಕ್ ಹೇಳೋದು ಮೂರು ಮಾತು. ನೀವು ಹೋದಾಗ ಎಂಜಿನ್ ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಬೆಳಗಿನ ಹೊತ್ತು ಸ್ಟಾರ್ಟ್ ಆಗದ ತೊಂದರೆಯನ್ನು ಮುಚ್ಚಿಟ್ಟಿರಬಹುದು. ಆಕ್ಸಿಲರೇಟರ್ ತಿರುಗಿಸಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರೀತಾ ಇದೆ, ಎಂಜಿನ್ ಬಿಚ್ಚಿಸುವ ಖರ್ಚು ಹತ್ತಿರ ಇದೆ ಅಂತ ಅರ್ಥ. ಇನ್ನು ಮೀಟರ್ ನಂಬಬೇಡಿ, ಕಾಲಿಡುವ ರಬ್ಬರ್ ನೋಡಿ. ಮೀಟರ್ ಹದಿನೆಂಟು ಸಾವಿರ ಕಿಲೋಮೀಟರ್ ತೋರಿಸ್ತಾ ಇದ್ದು, ರಬ್ಬರಿನ ಗೀರುಗಳೆಲ್ಲ ಸವೆದು ನುಣ್ಣಗಾಗಿದ್ದರೆ ಎರಡರಲ್ಲಿ ಒಂದು ಸುಳ್ಳು. ಹೀಗೆ ನೋಡಿದಷ್ಟೂ ಐದು ಗಾಡಿಯ ಗುಂಪು ಎರಡು ಮೂರು ಸಣ್ಣ ಗುಂಪಾಗಿ ಒಡೆಯುತ್ತೆ, ಸರಾಸರಿಗೆ ಬಲಿಯಾಗೋದು ಕಡಿಮೆಯಾಗುತ್ತೆ. ಆದರೂ ಒಳಗೆ ಸ್ವಲ್ಪ ಕತ್ತಲು ಉಳಿದೇ ಉಳಿಯುತ್ತೆ.

ಆ ಉಳಿದ ಕತ್ತಲಿಗೆ ಮಾರುವವನೇ ದೀಪ ಹಿಡಿಯಬೇಕು. "ನನ್ನ ಗಾಡಿ ಚೆನ್ನಾಗೈತೆ ಕಣಪ್ಪಾ" ಅಂದರೆ ಸಾಲದು, ಹೊಗೆ ಗಾಡಿಯವನೂ ಅದನ್ನೇ ಅಂತಾನೆ. ಕೆಟ್ಟ ಗಾಡಿಯವನಿಗೆ ಹೇಳೋಕೆ ದುಬಾರಿಯಾಗುವಂಥ ಮಾತು ಬೇಕು. ನೊಬೆಲ್ ಹಂಚಿಕೊಂಡ ಸ್ಪೆನ್ಸ್ ಹೇಳಿದ್ದರ ಸಾರ ಇದೇ. ಚಿಕ್ಕಪ್ಪನಿಗೆ ನಾನು ಹೇಳಿಕೊಟ್ಟ ಒಪ್ಪಂದ ಅದರ ಮೇಲೆ ನಿಂತದ್ದು.

ಗಾಡಿ ಕೇಳಿಕೊಂಡು ಬಂದವನು ಹಾರೋಹಳ್ಳಿಗೆ ಕೆಲಸಕ್ಕೆ ಹೋಗುವ ಒಬ್ಬ ಹುಡುಗ. ಅವನೂ ಮೂವತ್ತಕ್ಕೆ ಕೇಳಿದ. ಚಿಕ್ಕಪ್ಪ ಹೇಳಿದರು, "ನೋಡಪ್ಪ, ನಿಂಗೆ ಬೇಕಾದ ಮೆಕ್ಯಾನಿಕ್ ಕೈಲಿ ತೋರ್ಸು. ಬೆಲೆ ನಲವತ್ತಾರು. ಈಗ ಇಪ್ಪತ್ತೆಂಟು ಕೊಡು. ಎರಡು ತಿಂಗಳೊಳಗೆ ಎಂಜಿನ್ ಬಿಚ್ಚೋ ಅಂಥ ಕೆಲ್ಸ ಬರದಿದ್ರೆ ಮಿಕ್ಕ ಹದಿನೆಂಟು ಕೊಡು. ಬಂದ್ರೆ ಆ ದುಡ್ಡು ನಿಂದೇ."

ಆ ಇಪ್ಪತ್ತೆಂಟನ್ನು ಸುಮ್ಮನೆ ಆರಿಸಿದ್ದಲ್ಲ. ಈಗಲೇ ನಲವತ್ತು ಕೊಡು, ಆಮೇಲೆ ಆರು ಕೊಡು ಅಂದಿದ್ದರೆ ಹೊಗೆ ಗಾಡಿಯವನೂ ಕುಣಿದುಕೊಂಡು ಅದೇ ಮಾತು ಹೇಳುತ್ತಿದ್ದ. ಅವನಿಗೆ ಹೇಗೂ ನಲವತ್ತು ಬಂತಲ್ಲ, ಆರು ಹೋದರೆ ಹೋಗಲಿ. ಆದರೆ ಮುಂಗಡ ಇಪ್ಪತ್ತೆಂಟೇ ಆದಾಗ ಅವನ ಲೆಕ್ಕ ಬೇರೆ. ಎರಡು ತಿಂಗಳಲ್ಲಿ ಎಂಜಿನ್ ಕೈಕೊಡುತ್ತೆ, ಉಳಿದದ್ದು ಬರೋದಿಲ್ಲ ಅಂತ ಅವನಿಗೆ ಗೊತ್ತು. ಸುಮ್ಮನೆ ಬೀದಿಯಲ್ಲಿ ಮಾರಿದರೆ ಇಪ್ಪತ್ತೊಂಬತ್ತು ಸಿಗುತ್ತೆ. ಇಪ್ಪತ್ತೆಂಟಕ್ಕೆ ಯಾಕೆ ಒಪ್ಪುತ್ತಾನೆ? ಚಿಕ್ಕಪ್ಪನಿಗಾದರೆ ನಲವತ್ತಾರೂ ಬರುತ್ತೆ ಅಂತ ಧೈರ್ಯ ಇದೆ. ಹಾಗಾಗಿ ಆ ಮಾತು ಆಡಿದವರ ಗಾಡಿ ಚೆನ್ನಾಗಿರುವ ಸಾಧ್ಯತೆಯೇ ಹೆಚ್ಚು. ಮುಂಗಡ ಬೀದಿ ಬೆಲೆಯ ಒಳಗಿರಬೇಕು, ಹಿಡಿದಿಟ್ಟ ದುಡ್ಡು ಸೇರಿದರೆ ಒಳ್ಳೇ ಗಾಡಿಯವನ ತಳಬೆಲೆ ದಾಟಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಒಪ್ಪಂದಕ್ಕೆ ಅರ್ಥ ಇಲ್ಲ.

ಹುಡುಗ ಒಪ್ಪಿದ. ಆಮೇಲೆ ಚಿಕ್ಕಪ್ಪನಿಗೇ ಭಯ ಶುರುವಾಯ್ತು. "ಮಿಕ್ಕಿದ್ದು ಕೊಡದೆ ಓಡಾಡ್ಕೊಂಡಿದ್ರೆ? ಆರ್‌ಸಿ ನನ್ನ ಹೆಸರಲ್ಲೇ ಇರ್ಲಿ ಬುಡು, ಪೂರ್ತಿ ದುಡ್ಡು ಬಂದ ಮೇಲೆ ಮಾಡ್ಕೊಟ್ರಾಯ್ತು." ಇದಕ್ಕೆ ಮಾತ್ರ ನಾನು ಬಿಲ್ಕುಲ್ ಬೇಡ ಅಂದೆ. ಗಾಡಿ ಮಾರಿದ್ದರೂ ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಹದಿನೆಂಟು ಸಾವಿರದ ಭದ್ರತೆಗೆ ಲಕ್ಷಗಟ್ಟಲೆಯ ಹೊಣೆ ಹೊತ್ತುಕೊಳ್ಳೋದಾ? ಫಾರಂ 29, 30ಕ್ಕೆ ಅವತ್ತೇ ಸಹಿ ಹಾಕಿಸಿ ವರ್ಗಾವಣೆಗೆ ಕೊಟ್ಟೆವು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು ಹದಿನಾಲ್ಕು ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಅಂತ ಕಾನೂನೇ ಇದೆ. ಹದಿನೆಂಟು ಸಾವಿರವನ್ನು ಹುಡುಗ ಇಬ್ಬರಿಗೂ ಬೇಕಾದ ಒಬ್ಬ ದಿನಸಿ ಅಂಗಡಿಯವರ ಕೈಯಲ್ಲಿ ಇಟ್ಟ. ಎಂಜಿನ್ ಬಿಚ್ಚಬೇಕಾ ಅನ್ನೋದನ್ನು ಹೇಳಬೇಕಾದವರು ಯಾರು ಅಂತ ಒಬ್ಬ ಮೆಕ್ಯಾನಿಕ್ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡರು. ಎರಡು ತಿಂಗಳಲ್ಲಿ ಒಂದು ಚೈನ್ ಬಿಗಿ ಮಾಡಿಸಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಅಂಗಡಿಯವರು ದುಡ್ಡು ಕೊಟ್ಟರು. ಫೀಸಿನ ಎರಡನೇ ಕಂತಿಗೆ ಅದು ಹೋಯಿತು.

ಈ ಉಪಾಯಕ್ಕೂ ಮಿತಿ ಇದೆ. ನಮ್ಮ ಐದರಲ್ಲಿ ಮಧ್ಯದ, 36 ಸಾವಿರದ ಗಾಡಿಯವನನ್ನು ತಗೊಳ್ಳಿ. ಅವನ ಎಂಜಿನ್ ಎರಡು ತಿಂಗಳು ತಡೆದರೂ ತಡೆಯಬಹುದು. ಅವನೂ ಅದೃಷ್ಟ ಪರೀಕ್ಷೆಗೆ ಇದೇ ಮಾತು ಆಡಬಹುದು. ಇನ್ನು ಕೊಂಡವನು ಹೇಗಿದ್ದರೂ ದುಡ್ಡು ಹಿಡಿದಿದ್ದೀನಿ ಅಂತ ಆಯಿಲ್ ನೋಡದೆ ಮೂರು ಜನ ಹತ್ತಿಸಿಕೊಂಡು ಓಡಿಸಿದರೆ? ಅದು ಬೇರೆಯದೇ ತೊಂದರೆ, ಅದಕ್ಕೆ ಬೇರೆ ಹೆಸರಿದೆ. ಎರಡು ತಿಂಗಳ ಅವಧಿಯನ್ನು ಆರು ತಿಂಗಳು ಮಾಡಿದರೆ ಮಧ್ಯದವನು ಜಾರಿಕೊಳ್ಳುತ್ತಾನೆ, ಆದರೆ ಒಡೆಯನ ಅಜಾಗರೂಕತೆಯ ಭಯ ಜಾಸ್ತಿಯಾಗುತ್ತೆ. ಎರಡನ್ನೂ ಒಟ್ಟಿಗೆ ಗೆಲ್ಲೋಕಾಗಲ್ಲ.

ಹಾಗಾದರೆ ಡೀಲರ್ ಹತ್ತಿರ ಹೋದರೆ ಆಗಲ್ವಾ ಅಂತ ಕೇಳಬಹುದು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ನಿಯಮ ತಿದ್ದಿ, 2023ರ ಏಪ್ರಿಲ್ 1ರಿಂದ ಹಳೇ ಗಾಡಿಯ ಡೀಲರುಗಳು ಆರ್‌ಟಿಓದಿಂದ ಅಧಿಕಾರಪತ್ರ ಪಡೆಯಬೇಕು ಅಂತ ಮಾಡಿದೆ. ಗಾಡಿ ಅವರ ಕೈಲಿರುವಷ್ಟು ದಿನ ಅದರ ಹೊಣೆಯೂ ಅವರದೇ. ಇದರಿಂದ ಕಾಗದದ ಗೊಂದಲ ಕಡಿಮೆಯಾಗುತ್ತೆ. ಎಂಜಿನ್ ವಿಷಯದಲ್ಲಿ ಮಾತ್ರ ಡೀಲರ್ ನಂಬಿಕೆಗೆ ಯೋಗ್ಯ ಅನಿಸೋದು ಅವರು ಬರವಣಿಗೆಯಲ್ಲಿ ವಾರಂಟಿ ಕೊಟ್ಟಾಗ. ಆ ವಾರಂಟಿಯಲ್ಲಿ ಎಂಜಿನ್ ಸೇರಿದೆಯಾ, ರಿಪೇರಿಯ ದುಡ್ಡು ಯಾರ ಜೇಬಿಂದ ಅನ್ನೋದನ್ನು ಓದಿ. ಟಯರ್, ಬಲ್ಬಿಗೆ ಮಾತ್ರ ಇರೋ ವಾರಂಟಿ ಹೊಗೆ ಗಾಡಿಯವನೂ ಕೊಡಬಲ್ಲ.

ಮೊನ್ನೆ ಆ ಹುಡುಗನ ಗೆಳೆಯನೊಬ್ಬ ಚನ್ನಪಟ್ಟಣದ ಕಡೆ ಒಂದು ಗಾಡಿ ನೋಡಿಕೊಂಡು ಬಂದನಂತೆ. ನಲವತ್ತು ಹೇಳಿ ಮೂವತ್ತೆರಡಕ್ಕೆ ಇಳಿದಿದ್ದಾರೆ. ಇವನು ಚಿಕ್ಕಪ್ಪ ಮಾಡಿದ ಹಾಗೇ ಕೇಳಿ ನೋಡಿದ್ದಾನೆ. "ಅಣ್ಣ, ನಲವತ್ತೇ ಕೊಡ್ತೀನಿ. ಆದ್ರೆ ಈಗ ಇಪ್ಪತ್ತಾರು, ಎರಡು ತಿಂಗಳು ಬಿಟ್ಟು ಹದಿನಾಲ್ಕು." ಮಾರುವವರು ಅದೆಲ್ಲ ಆಗಲ್ಲ, ಬೇಕಾದರೆ ಈಗಲೇ ಮೂವತ್ತು ಕೊಟ್ಟು ತಗೊಂಡು ಹೋಗು ಅಂದರಂತೆ. ಅವನು ತಗೊಳ್ಳದೆ ಬಂದ.